ವಿಡಿಯೋ ಕ್ಯಾಸೆಟ್ ಫೈಲ್ ಮಾಡಿದ್ದು: ಅಜ್ಜಿಯ ಚಪ್ಪಾಳೆ ಸದ್ದು ತಡವಾಗಿ ಕೇಳಿಸಿದಾಗ

ತಂಗಿಯ ಮಗಳ ಮೊದಲ ಹುಟ್ಟುಹಬ್ಬದ ವಿಎಚ್‌ಎಸ್ ಕ್ಯಾಸೆಟ್ ನಮ್ಮನೆ ಬೀರುವಿನಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಒಂದು ಗಂಟೆಯ ಟೇಪು. ನಮ್ಮ ಅಜ್ಜಿ ಓಡಾಡಿಕೊಂಡು, ನಗುತ್ತಾ ಇರುವ ವಿಡಿಯೋ ಅಂತ ಉಳಿದಿರುವುದು ಅದೊಂದೇ.

ಮೊದಲ ಸಲ ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ತರುವ ಒಂದು ಚಿಕ್ಕ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ತಂದು, ಅದರ ಜೊತೆ ಬಂದ ಸಾಫ್ಟ್‌ವೇರ್‌ನಲ್ಲೇ ನೇರವಾಗಿ ಎಂಪಿ4 ಮಾಡಿದೆ. ಶುರುವಿನ ಹತ್ತು ನಿಮಿಷ ನೋಡಿ ಖುಷಿಪಟ್ಟೆ. ಕೊನೆಯಲ್ಲಿ ಅಜ್ಜಿ ಚಪ್ಪಾಳೆ ತಟ್ಟುವ ದೃಶ್ಯವಿದೆ. ಕೈ ಸೇರಿತು, ಬಿಟ್ಟಿತು, ಮತ್ತೆ ಸೇರಿತು. ಸದ್ದು ಬಂದಿದ್ದು ಸುಮಾರು ನಾಲ್ಕು ಸೆಕೆಂಡ್ ಆದಮೇಲೆ. ಅದೂ ಅಲ್ಲದೆ, ಕೈ ಆಡಿದಾಗಲೆಲ್ಲ ಒಂದರ ಮೇಲೊಂದು ಎರಡು ಕೈ ಮಸುಕಾಗಿ ಕಾಣುತ್ತಿದ್ದವು. ಬಳೆಗಳಂತೂ ಬರೀ ಗೆರೆ.

ಸದ್ದು ಯಾಕೆ ಹಿಂದೆ ಬಿತ್ತು ಅಂತ ಹುಡುಕುತ್ತಾ ಹೋದೆ. ಟೇಪು ಒಂದೇ ಸಮನೆ ಓಡುವುದಿಲ್ಲ. ಸ್ವಲ್ಪ ಹಿಗ್ಗಿರುತ್ತದೆ, ಕೆಲವು ಕಡೆ ಸುಕ್ಕಾಗಿರುತ್ತದೆ. ಹಾಗಾಗಿ ಚಿತ್ರದ ಪ್ರತಿ ಗೆರೆಯೂ ಒಂಚೂರು ಬೇಗ ಅಥವಾ ತಡವಾಗಿ ಬರುತ್ತದೆ. ಹಳೇ ಟಿವಿ ಇದನ್ನು ಸಹಿಸಿಕೊಳ್ಳುತ್ತಿತ್ತು. ಸ್ಟಿಕ್ ಸಹಿಸುವುದಿಲ್ಲ. ಸಿಗ್ನಲ್‌ನ ಹಿಡಿತ ತಪ್ಪಿದರೆ ಆ ಫ್ರೇಮ್ ಅನ್ನು ಬಿಟ್ಟೇಬಿಡುತ್ತದೆ. ಧ್ವನಿ ಮಾತ್ರ ನಿಲ್ಲದೆ ರೆಕಾರ್ಡ್ ಆಗುತ್ತಿರುತ್ತದೆ. ಹೀಗೆ ಚಿತ್ರ ಗಿಡ್ಡವಾಗುತ್ತಾ ಹೋಗುತ್ತದೆ, ಸದ್ದು ಹಿಂದೆ ಬೀಳುತ್ತದೆ. ಚಿತ್ರದ ಮೇಲ್ಭಾಗ ಬಾವುಟದ ಹಾಗೆ ಒಂದು ಪಕ್ಕಕ್ಕೆ ಬಾಗುತ್ತಿದ್ದರೆ ಅದೂ ಇದೇ ತೊಂದರೆಯ ಗುರುತು.

ಸುಮ್ನೆ ಊಹೆ ಬೇಡ ಅಂತ ಅದೇ ಸ್ಟಿಕ್ ಇಟ್ಟುಕೊಂಡು VirtualDub ಎಂಬ ಉಚಿತ ಪ್ರೋಗ್ರಾಂನಲ್ಲಿ ಮತ್ತೆ ಕ್ಯಾಪ್ಚರ್ ಮಾಡಿದೆ. Timing ಆಯ್ಕೆಗಳಲ್ಲಿ ಸಿಂಕ್ ತಾನೇ ಸರಿಪಡಿಸುವುದನ್ನೆಲ್ಲ ಆಫ್ ಮಾಡಿದೆ. ಇಲ್ಲದಿದ್ದರೆ ತಪ್ಪು ಮುಚ್ಚಿಹೋಗುತ್ತದೆ. ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕವನ್ನು ಅದು ಪಕ್ಕದಲ್ಲೇ ತೋರಿಸುತ್ತದೆ. ಟೇಪು ಮುಗಿದಾಗ 97 ಅಂತ ಇತ್ತು. ನಮ್ಮದು ಭಾರತದ ಟಿವಿಗಳ ಪಾಲ್ ಪದ್ಧತಿಯ ಟೇಪು, ಸೆಕೆಂಡಿಗೆ 25 ಫ್ರೇಮ್. 97 ಅನ್ನು 25ರಿಂದ ಭಾಗಿಸಿದರೆ ನಾಲ್ಕು ಸೆಕೆಂಡಿಗೆ ಒಂಚೂರು ಕಡಿಮೆ. ಅಜ್ಜಿಯ ಚಪ್ಪಾಳೆಯ ಲೆಕ್ಕ ಅಲ್ಲೇ ಸಿಕ್ಕಿತು. ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗಗಳಲ್ಲೇ ಈ ಸಂಖ್ಯೆ ದಡದಡ ಏರುತ್ತಿತ್ತು.

ಇದನ್ನು ಎಡಿಟಿಂಗ್‌ನಲ್ಲಿ ಸದ್ದು ಎಳೆದು ಸರಿಮಾಡಲು ಹೋಗಬೇಡಿ. ಹೋದ ಫ್ರೇಮ್ ಹೋಯಿತು. ಸಿಗ್ನಲ್ ಸ್ಟಿಕ್‌ಗೆ ಹೋಗುವ ಮೊದಲೇ ಅದನ್ನು ನೇರ ಮಾಡಬೇಕು. ಈ ಕೆಲಸಕ್ಕೆ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರವೇ ಇದೆ, ಆದರೆ ಅದು ದುಬಾರಿ. ನನ್ನ ಕೈಹಿಡಿದಿದ್ದು ಒಂದು ಹಳೇ ಡಿವಿಡಿ ರೆಕಾರ್ಡರ್. ಅದರಲ್ಲಿ ಡಿಸ್ಕ್ ಹಾಕುವುದೇ ಇಲ್ಲ. ವಿಸಿಆರ್‌ನಿಂದ ಚಿತ್ರ ಅದರೊಳಗೆ ಹೋಗಿ, ಅದರ ಔಟ್‌ಪುಟ್‌ನಿಂದ ಸ್ಟಿಕ್‌ಗೆ ಬರುತ್ತದೆ. ದಾರಿಯಲ್ಲಿ ಅದು ಗೆರೆಗಳನ್ನು ಸಾಲಾಗಿ ಜೋಡಿಸಿ ಕಳಿಸುತ್ತದೆ. ಎಲ್ಲ ರೆಕಾರ್ಡರ್‌ಗಳೂ ಹೀಗೆ ಮಾಡುವುದಿಲ್ಲ. ಪ್ಯಾನಸೋನಿಕ್‌ನ DMR-ES10 ಮತ್ತು ES15 ಇದಕ್ಕೆ ಹೆಸರಾದವು. ನಾನು ಬಳಸಿದ್ದು ES10. ಅದರಲ್ಲಿ ನಾಯ್ಸ್ ಕಡಿಮೆ ಮಾಡುವ ಆಯ್ಕೆ ಇದೆ, ಅದನ್ನು ಆಫ್ ಮಾಡಿದೆ. ಆನ್ ಇದ್ದರೆ ಮುಖಗಳು ಮೇಣ ಸವರಿದ ಹಾಗೆ ಕಾಣುತ್ತವೆ. ಧ್ವನಿಯ ವೈರ್ ಮಾತ್ರ ವಿಸಿಆರ್‌ನಿಂದ ನೇರವಾಗಿ ಸ್ಟಿಕ್‌ಗೇ ಕೊಟ್ಟೆ.

ಮತ್ತೆ ಓಡಿಸಿದೆ. ಒಂದು ಗಂಟೆಗೆ ಬಿಟ್ಟುಹೋದ ಫ್ರೇಮ್ ಎರಡೇ ಎರಡು. ಎರಡೂ ಪ್ಲೇ ಒತ್ತಿದ ಕ್ಷಣದವು.

ಟೇಪು ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಕ್ಯಾಸೆಟ್‌ನ ಬೆನ್ನಿನ ಮೇಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದುಬಿಡಿ, ಆಗ ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಕಿಟಕಿಯಲ್ಲಿ ಟೇಪಿನ ಸುರುಳಿ ಮೇಲೆ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ. ಹೆಡ್ ಕೊಳೆಯಾಗುತ್ತದೆ, ಮುಂದಿನ ಕ್ಯಾಸೆಟ್‌ಗೂ ಅದು ಅಂಟುತ್ತದೆ.

ಇನ್ನು ಆ ಎರಡೆರಡು ಕೈಗಳ ವಿಷಯ. ಟೇಪಿನಲ್ಲಿ ಪ್ರತಿ ಫ್ರೇಮ್ ಎರಡು ಅರ್ಧ ಚಿತ್ರಗಳಾಗಿ ಇರುತ್ತದೆ. ಒಂದರಲ್ಲಿ ಒಂದು ಬಿಟ್ಟು ಒಂದು ಗೆರೆ, ಇನ್ನೊಂದರಲ್ಲಿ ಉಳಿದ ಗೆರೆಗಳು. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಅಂತರ. ಅಂದರೆ ಚಲನೆ ಸೆಕೆಂಡಿಗೆ 50 ಸಲ ದಾಖಲಾಗಿದೆ. ಮೊದಲ ಸಾಫ್ಟ್‌ವೇರ್ ಎರಡನ್ನೂ ಒಂದರೊಳಗೊಂದು ಕಲಸಿ 25 ಮಾಡಿತ್ತು. ಅರ್ಧ ಚಲನೆ ಅಲ್ಲೇ ಹೋಯಿತು. ಕ್ಯಾಪ್ಚರ್ ಮಾಡುವಾಗಲೇ ಎಂಪಿ4 ಮಾಡುವ ಪೆಟ್ಟಿಗೆಗಳು ನನಗೆ ಬೇಡವಾಗಿದ್ದು ಇದಕ್ಕೇ. ಪೂರ್ತಿ 720x576 ಅಳತೆಯಲ್ಲಿ, ಗೆರೆಗಳನ್ನು ಇದ್ದ ಹಾಗೇ ಕೊಡುವ ಸಾಧನ ನೋಡಿ. ಫೈಲ್ ನಿಲ್ಲಿಸಿ ನೋಡಿದಾಗ ಆಡುವ ಕೈಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಂಡರೆ ಹೆದರಬೇಡಿ, ಮೂಲ ಫೈಲ್ ಇರಬೇಕಾದ್ದೇ ಹಾಗೆ.

ಮೂಲ ಫೈಲನ್ನು ನಷ್ಟವಿಲ್ಲದೆ ಒತ್ತುವ ಕೋಡೆಕ್‌ನಲ್ಲಿ ಉಳಿಸಬೇಕು. ಏನೂ ಒತ್ತದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಆಗುತ್ತದೆ. ನಾನು HuffYUV ಬಳಸಿ ಕ್ಯಾಪ್ಚರ್ ಮಾಡಿ, ಆಮೇಲೆ ffmpeg ಎಂಬ ಉಚಿತ ಪ್ರೋಗ್ರಾಂನಲ್ಲಿ FFV1ಗೆ ಬದಲಿಸಿದೆ. ನನ್ನ ಟೇಪಿಗೆ 28 ಜಿಬಿ ಆಯಿತು. FFV1 ಆರಿಸಿದ್ದಕ್ಕೆ ಕಾರಣ, ಅದು ಪ್ರತಿ ಚಿತ್ರದ ಚೂರಿಗೂ ಒಂದು ಚೆಕ್ ಸಂಖ್ಯೆ ಬರೆದಿಡುತ್ತದೆ. ಮುಂದೆ ಡಿಸ್ಕ್‌ನಲ್ಲಿ ಫೈಲ್ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತದೆ.

```
ffmpeg -i ajji.avi -c:v ffv1 -level 3 -g 1 -slices 4 -slicecrc 1 -c:a flac ajji.mkv
```

ಆಗಾಗ ಪರೀಕ್ಷಿಸಲು ಇದು. ಏನೂ ಬರದಿದ್ದರೆ ಫೈಲ್ ಚೆನ್ನಾಗಿದೆ:

```
ffmpeg -v error -i ajji.mkv -f null -
```

ಮನೆಯವರಿಗೆ ಫೋನಿನಲ್ಲಿ ನೋಡಲು ಬೇರೆ ಪ್ರತಿ ಮಾಡಿದೆ. ಇಲ್ಲಿ ಎರಡು ಅರ್ಧ ಚಿತ್ರಗಳನ್ನು ಬಿಡಿಸಿ ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡಬೇಕು:

```
ffmpeg -i ajji.mkv -vf "bwdif=mode=send_field:parity=tff:deint=all" -c:v libx264 -crf 18 -pix_fmt yuv420p -aspect 4:3 -c:a aac -b:a 160k ajji.mp4
```

ಚಲನೆ ಮುಂದೆ ಹೋಗಿ ಹಿಂದೆ ಬಂದು ನಡುಗುತ್ತಿದ್ದರೆ ಅರ್ಧ ಚಿತ್ರಗಳ ಕ್ರಮ ಉಲ್ಟಾ ಆಗಿದೆ ಅಂತ ಅರ್ಥ. tff ಬದಲು bff ಹಾಕಿ. ಅಳತೆ ಚಿಕ್ಕದು ದೊಡ್ಡದು ಮಾಡುವುದಿದ್ದರೆ ಇದಾದ ಮೇಲೆಯೇ ಮಾಡಿ, ಮೊದಲೇ ಮಾಡಿದರೆ ಗೆರೆಗಳು ಬೆರೆತುಹೋಗಿ ಮತ್ತೆ ಬಿಡಿಸಲು ಆಗುವುದಿಲ್ಲ. ಚಿತ್ರದ ತಳದಲ್ಲಿ ಅಲುಗಾಡುವ ಕೆಲವು ಗೆರೆಗಳು ಎಲ್ಲ ವಿಎಚ್‌ಎಸ್‌ನಲ್ಲೂ ಇರುತ್ತವೆ. ಎಂಪಿ4ನಲ್ಲಿ ಬೇಕಾದರೆ ಮುಚ್ಚಿ, ಮೂಲದಲ್ಲಿ ಕತ್ತರಿಸಬೇಡಿ.

ಎಂಪಿ4 ತಂಗಿಗೆ ಕಳಿಸಿದೆ. ಅವಳು ಚಪ್ಪಾಳೆಯ ಜಾಗದಲ್ಲಿ ನಿಲ್ಲಿಸಿ ಕರೆ ಮಾಡಿದಳು. "ಅಣ್ಣಾ, ಅಜ್ಜಿ ಬಳೆ ಎಣಿಸಬಹುದು, ನೋಡು" ಅಂದಳು. ನಾನೂ ಅಲ್ಲೇ ನಿಲ್ಲಿಸಿ ಎಣಿಸಿದೆ. ಎಡಗೈಯಲ್ಲಿ ಆರು.