ಶಿಫ್ಟ್ ರಿಜಿಸ್ಟರಲ್ಲಿ ನಾಲ್ಕು ಎಲ್ಇಡಿ ಒಟ್ಟಿಗೆ ಹತ್ತುದು: ನನ್ನ ಅನುಭವ

ಬದಿಯಡ್ಕದ ಮನೆಯಲ್ಲಿ ಬ್ರೆಡ್‌ಬೋರ್ಡ್ ಮೇಲೆ 7475 ಹಾಕಿ 4 ಬಿಟ್ ಶಿಫ್ಟ್ ರಿಜಿಸ್ಟರ್ ಮಾಡಿದ್ದೆ, ಒಂದು ಕ್ಲಾಕಿಗೆ ಬಿಟ್ ಒಂದೇ ಮನೆ ಮುಂದೆ ಹೋಗ್ಬೇಕು, ಆದ್ರೆ ಕ್ಲಾಕ್ ಹೈ ಆದ ಕೂಡ್ಲೇ ನಾಲ್ಕೂ ಎಲ್ಇಡಿ ಒಟ್ಟಿಗೆ ಹತ್ತುದು. ಕ್ಲಾಕ್ ಕೊಡುವ 555ರ ಸ್ಪೀಡ್ ಬದಲಿಸಿದೆ, ಸಪ್ಲೈಗೆ ಕೆಪಾಸಿಟರ್ ಹಾಕಿದೆ, ಹೊಸ ಐಸಿ ತಂದೆ, ಏನೂ ಆಗ್ಲಿಲ್ಲ.

ಕಾರಣ ಇಷ್ಟೇ, 7475 ಲ್ಯಾಚ್. ಎನೇಬಲ್ ಹೈ ಇರುವಷ್ಟು ಹೊತ್ತೂ ಅದರ ಬಾಗಿಲು ತೆರೆದೇ ಉಂಟು, ಡೇಟಾ ನಾಲ್ಕೂ ಮನೆ ದಾಟಿ ಓಡ್ತದೆ. ಫ್ಲಿಪ್‌ಫ್ಲಾಪ್ ಕ್ಲಾಕ್ ಏರುವ ಆ ಕ್ಷಣದಲ್ಲಿ ಮಾತ್ರ ನೋಡುದು.

ಹಾಗಾಗಿ 7475 ತೆಗೆದು, ಡಿ ಫ್ಲಿಪ್‌ಫ್ಲಾಪ್ ಇರುವ ಎರಡು 74LS74 ಹಾಕಿದೆ. ಮೊದ್ಲು 1, 4, 10, 13 ಪಿನ್ 5 ವೋಲ್ಟಿಗೆ, ಇದು ಬಿಟ್ರೆ ಸುಮ್ಮನೆ ರೀಸೆಟ್ ಆಗ್ಲೂಬಹುದು. ಎರಡೂ ಐಸಿಯ 3, 11 ಒಂದೇ ಕ್ಲಾಕಿಗೆ. ಡೇಟಾ 2ಕ್ಕೆ, 5ರಿಂದ 12ಕ್ಕೆ, 9ರಿಂದ ಮುಂದಿನ ಐಸಿಯ 2ಕ್ಕೆ, ಅಲ್ಲಿಯೂ 5ರಿಂದ 12ಕ್ಕೆ. ಕ್ಲಾಕ್ ಹೈ ಇರುವಾಗ ಡೇಟಾ ಸ್ವಿಚ್ ಬದಲಿಸಿ ನೋಡಿ, ಎಲ್ಇಡಿ ಅಲ್ಲಾಡದಿದ್ರೆ ಸರಿ.

ಅದೇ ಐಸಿಯಲ್ಲಿ ಕೌಂಟರ್ ಬೇಕಾದ್ರೆ 2, 11, 12ರ ಹಳೇ ವೈರ್ ತೆಗೆದು 6ನ್ನು 2ಕ್ಕೆ, 8ನ್ನು 12ಕ್ಕೆ ಸೇರಿಸಿ, ಡಿ ಈಗ ಟಿ ಆಯ್ತು, ಪ್ರತಿ ಕ್ಲಾಕಿಗೂ ತಿರುಗ್ತದೆ. ಕ್ಲಾಕ್ 3ಕ್ಕೆ ಮಾತ್ರ, 11ಕ್ಕೆ 6ರಿಂದ ಕೊಡಿ, 5, ಅಂದ್ರೆ Q ಇಂದ ಕೊಟ್ರೆ ಎಣಿಕೆ ಹಿಂದೆ ಹೋಗ್ತದೆ. ಜೆಕೆ ಇರುವ 74LS76ರಲ್ಲಿ ಜೆ, ಕೆ ಎರಡೂ ಹೈ ಮಾಡಿದ್ರೆ ಅದೂ ಟಿ, ಆದ್ರೆ ಅದು ಕ್ಲಾಕ್ ಇಳಿಯುವಾಗ ತಿರುಗುದು, ಹಾಗಾಗಿ ಅಲ್ಲಿ ಮುಂದಿನ ಕ್ಲಾಕ್ Q ಇಂದಲೇ.