ಗಣೇಶೋತ್ಸವದ ಲೆಕ್ಕದಲ್ಲಿ 3,000 ಕಮ್ಮಿ ಬಂದಾಗ

ನಮ್ಮ ಬೀದಿ ಗಣೇಶೋತ್ಸವದ ಲೆಕ್ಕ ಒಪ್ಪಿಸಬೇಕಿತ್ತು. ರಸೀದಿ ಪ್ರಕಾರ ಚಂದಾ 1,48,500, ಖರ್ಚು 1,31,200. ಅಂದರೆ 17,300 ಉಳಿಯಬೇಕು. ಆದರೆ ಡಬ್ಬಿಯಲ್ಲಿ 6,200, ಬ್ಯಾಂಕಿನಲ್ಲಿ 8,100, ಒಟ್ಟು 14,300 ಮಾತ್ರ ಇತ್ತು. 3,000 ಎಲ್ಲಿ ಹೋಯ್ತು?

ಖರ್ಚಿನ ಬಿಲ್ಲುಗಳನ್ನು ಮತ್ತೆ ಕೂಡುವುದು ಸುಮ್ನೆ ತಲೆನೋವು. ಅದರ ಬದಲು ರಸೀದಿ ಪುಸ್ತಕದ ಪ್ರತಿ ಕೌಂಟರ್‌ಫಾಯಿಲ್ ಎದುರು 'ನಗದು' ಅಥವಾ 'ಬ್ಯಾಂಕ್' ಅಂತ ಬರೆಯುತ್ತಾ ಹೋದೆ. ಯುಪಿಐನಲ್ಲಿ ಬಂದದ್ದನ್ನು ಪಾಸ್‌ಬುಕ್ ನೋಡಿ ಗುರುತು ಹಾಕಿದೆ. ಒಂದು ರಸೀದಿಯ ಹಣ ಮಾತ್ರ ನಗದಿನಲ್ಲೂ ಇರಲಿಲ್ಲ, ಬ್ಯಾಂಕಿನಲ್ಲೂ ಇರಲಿಲ್ಲ. ಕಿರಾಣಿ ಅಂಗಡಿಯವರದ್ದು, ಸರಿಯಾಗಿ 3,000. ಅವರು ಕೊಟ್ಟಿದ್ದು ದುಡ್ಡಲ್ಲ, ಪ್ರಸಾದಕ್ಕೆ ಅಕ್ಕಿ! ಸಂಗ್ರಹಕ್ಕೆ ಹೋದ ಹುಡುಗರು ಅದರ ಬೆಲೆಗೆ ರಸೀದಿ ಹರಿದುಕೊಟ್ಟಿದ್ದರು.

ರಸೀದಿ ರದ್ದು ಮಾಡಲಿಲ್ಲ, ಕೊಟ್ಟವರಿಗೆ ಬೇಜಾರು ಅಲ್ವಾ. ಆ 3,000 ರೂಪಾಯಿಯನ್ನು ಚಂದಾದಿಂದ ತೆಗೆದು ಜಮೆಯಲ್ಲೇ 'ವಸ್ತು ರೂಪದ ಕಾಣಿಕೆ' ಅಂತ ಬೇರೆ ಸಾಲಿಗೆ ಹಾಕಿ, ಅಷ್ಟೇ ಮೊತ್ತವನ್ನು ಪ್ರಸಾದದ ಖರ್ಚಿಗೂ ಸೇರಿಸಿದೆ. ಖರ್ಚು 1,34,200 ಆಯಿತು, ಉಳಿಕೆ 14,300ಕ್ಕೆ ತಾಳೆಯಾಯಿತು.