ಸೆಲ್ಲರ್ ಅಕೌಂಟ್‌ಗೆ ವಾರ್ನಿಂಗ್ ಬಂದಾಗ ನಾನು ಮಾಡಿದ್ದು

ನಾನು ಆನ್‌ಲೈನ್ ಮಾರ್ಕೆಟ್‌ಪ್ಲೇಸ್ ಒಂದರಲ್ಲಿ ಬೆಡ್‌ಶೀಟ್ ಮಾರುತ್ತೇನೆ. ಜಾಸ್ತಿ ಹೋಗುವುದು ಫಿಟೆಡ್ ಶೀಟ್, ಅಂದರೆ ಸುತ್ತ ಎಲಾಸ್ಟಿಕ್ ಇದ್ದು ಹಾಸಿಗೆಗೆ ಟೋಪಿ ಹಾಕಿದ ಹಾಗೆ ಕೂರುವ ಶೀಟ್. ಕೆಲವು ವರ್ಷ ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಒಂದು ದಿನ ಮೇಲ್ ಬಂತು: ನಿಮ್ಮ ರಿಟರ್ನ್ ರೇಟ್ ಮಿತಿ ಮೀರಿದೆ, ರೇಟಿಂಗ್ ಇಳಿಯುತ್ತಿದೆ, ಕಾರಣ ಮತ್ತು ಪರಿಹಾರ ಬರೆದು ಕಳಿಸಿ, ಇಲ್ಲದಿದ್ದರೆ ಅಕೌಂಟ್ ನಿಲ್ಲಿಸುತ್ತೇವೆ.

ಆ ಮೇಲ್‌ನಲ್ಲಿದ್ದ ಲಿಂಕ್ ಒತ್ತಲಿಲ್ಲ. ಇಂಥದ್ದೇ ನಕಲಿ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವವರು ಬೇಕಾದಷ್ಟಿದ್ದಾರೆ. ನೇರವಾಗಿ ಸೆಲ್ಲರ್ ಪ್ಯಾನೆಲ್‌ಗೆ ಲಾಗಿನ್ ಆಗಿ ಅಕೌಂಟ್ ಹೆಲ್ತ್ ಪುಟ ನೋಡಿದೆ. ವಾರ್ನಿಂಗ್ ಅಲ್ಲೂ ಇತ್ತು. ಅಲ್ಲಿ ಮೂರು ವಿಷಯ ಬರೆದುಕೊಂಡೆ: ಯಾವ ಲೆಕ್ಕ ಕೆಟ್ಟಿದೆ, ಎಷ್ಟು ದಿನಗಳ ಲೆಕ್ಕ ಅದು, ಉತ್ತರಕ್ಕೆ ಕೊನೆಯ ದಿನ ಯಾವುದು. ಒಂದೊಂದು ಮಾರ್ಕೆಟ್‌ಪ್ಲೇಸ್‌ನ ಲೆಕ್ಕ ಒಂದೊಂದು ಥರ. ಉದಾಹರಣೆಗೆ ಅಮೆಜಾನ್‌ನಲ್ಲಿ ಆರ್ಡರ್ ಡಿಫೆಕ್ಟ್ ರೇಟ್ ಅಂತ ಒಂದಿದೆ, ಅಂದರೆ ಗ್ರಾಹಕರಿಂದ ಕೆಟ್ಟ ಫೀಡ್‌ಬ್ಯಾಕ್ ಅಥವಾ ದೂರು ಬಂದ ಆರ್ಡರ್‌ಗಳ ಪಾಲು. 60 ದಿನಗಳ ಆರ್ಡರ್‌ಗಳಲ್ಲಿ ಅದು ಶೇ. 1ಕ್ಕಿಂತ ಕಡಿಮೆ ಇರಬೇಕು. ನಾನು ಮಾರುವುದು ಬೇರೆ ಕಡೆ, ಅಲ್ಲಿ ಗ್ರಾಹಕರ ರಿಟರ್ನ್ ರೇಟ್ ಅನ್ನೇ ನೇರವಾಗಿ ನೋಡುತ್ತಾರೆ.

ಅವತ್ತೇ ಉತ್ತರ ಬರೆಯಲಿಲ್ಲ. ಕಾರಣ ಗೊತ್ತಿಲ್ಲದೆ ಬರೆದರೆ ‘ಇನ್ಮುಂದೆ ಎಚ್ಚರಿಕೆ ವಹಿಸುತ್ತೇವೆ’ ಅನ್ನುವುದರ ಆಚೆಗೆ ಏನೂ ಬರುವುದಿಲ್ಲ, ಅಂಥ ಉತ್ತರ ಹಾಗೇ ವಾಪಸ್ ಬರುತ್ತದೆ.

ಮೊದಲು ರಿಟರ್ನ್ ರಿಪೋರ್ಟ್ ಡೌನ್‌ಲೋಡ್ ಮಾಡಿದೆ. ಡೆಲಿವರಿ ಆಗದೆ ಕೊರಿಯರ್‌ನವರೇ ವಾಪಸ್ ತಂದ ಪಾರ್ಸೆಲ್‌ಗಳನ್ನು ಬೇರೆ ಮಾಡಿದೆ. ವಿಳಾಸ ಸಿಗದ್ದು, ಗ್ರಾಹಕರು ಬೇಡ ಅಂದದ್ದು ಎಲ್ಲ ಅದರಲ್ಲಿ ಸೇರಿರುತ್ತದೆ. ಅದು ಮಾಲಿನ ತಪ್ಪಲ್ಲ, ಅದರ ಮದ್ದೂ ಬೇರೆ. ಉಳಿದದ್ದು 400 ಆರ್ಡರ್‌ಗೆ 60 ರಿಟರ್ನ್, ಶೇ. 15. ಇದನ್ನು ಎಸ್‌ಕೆಯು ಪ್ರಕಾರ, ಅಂದರೆ ಒಂದೊಂದು ಮಾಲಿಗೂ ಇರುವ ಕೋಡ್ ಪ್ರಕಾರ ಒಡೆದಾಗ ವಿಷಯ ಬಯಲಾಯಿತು. ಕ್ವೀನ್ ಸೈಜಿನ ಒಂದೇ ಶೀಟ್‌ನಲ್ಲಿ 90 ಆರ್ಡರ್‌ಗೆ 38 ರಿಟರ್ನ್. ಮಿಕ್ಕ ಎಲ್ಲ ಸೇರಿ 310ಕ್ಕೆ 22, ಅಂದರೆ ಶೇ. 7ರ ಆಸುಪಾಸು. ಅಕೌಂಟ್ ಪೂರ್ತಿ ಕೆಟ್ಟಿರಲಿಲ್ಲ, ಒಂದು ಮಾಲು ಕೆಟ್ಟಿತ್ತು.

ಆ ಶೀಟ್‌ನ ಸ್ಟಾಕ್ ತಕ್ಷಣ ಸೊನ್ನೆ ಮಾಡಿದೆ. ಲಿಸ್ಟಿಂಗ್, ಅಂದರೆ ಸೈಟ್‌ನಲ್ಲಿ ಆ ಮಾಲಿನ ಪುಟ, ಡಿಲೀಟ್ ಮಾಡಲಿಲ್ಲ. ಡಿಲೀಟ್ ಮಾಡಿದರೆ ಹಳೆಯ ಒಳ್ಳೆ ರಿವ್ಯೂ ಕೂಡ ಹೋಗುತ್ತದೆ, ಆದರೆ ಅಕೌಂಟ್‌ನ ರಿಟರ್ನ್ ಲೆಕ್ಕ ಹಾಗೇ ಇರುತ್ತದೆ. ಅದೇ ಮಾಲನ್ನು ಹೊಸ ಲಿಸ್ಟಿಂಗ್‌ನಲ್ಲಿ ಹಾಕು, ಬೇರೆ ಹೆಸರಲ್ಲಿ ಇನ್ನೊಂದು ಅಕೌಂಟ್ ತೆಗೆ ಅಂತ ಸಲಹೆ ಕೊಡುವವರು ಇರುತ್ತಾರೆ. ಆದರೆ ಬ್ಯಾಂಕ್ ಖಾತೆ, ಫೋನ್, ವಿಳಾಸ ನೋಡಿ ಮಾರ್ಕೆಟ್‌ಪ್ಲೇಸ್‌ನವರು ಎರಡು ಅಕೌಂಟ್‌ಗಳ ಸಂಬಂಧ ಹಿಡಿಯುತ್ತಾರೆ, ಆಗ ಎರಡೂ ಹೋಗುತ್ತವೆ.

ಇನ್ನು ಕಾರಣ ಹುಡುಕಬೇಕಿತ್ತು. ರಿಪೋರ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ‘ಡಿಫೆಕ್ಟಿವ್’ ಅಂತಿತ್ತು. ಇದನ್ನು ನಂಬಬಾರದು. ಬೇಗ ದುಡ್ಡು ವಾಪಸ್ ಸಿಗಲಿ ಅಂತ ಗ್ರಾಹಕರು ಕೈಗೆ ಸಿಕ್ಕ ಆಯ್ಕೆ ಒತ್ತುತ್ತಾರೆ. ಅದರ ಪಕ್ಕದ ಕಾಮೆಂಟ್ ಓದಬೇಕು. ಅಲ್ಲಿ ‘ಮೂಲೆ ಎದ್ದು ಬರುತ್ತೆ’, ‘ರಾತ್ರಿ ಜಾರುತ್ತೆ’, ‘ನಾಲ್ಕನೇ ಮೂಲೆ ಕೂರೋದೇ ಇಲ್ಲ’ ಅಂತಿತ್ತು. ಹರಿದಿದೆ, ಬಣ್ಣ ಹೋಯಿತು ಅಂದವರು ಒಂದಿಬ್ಬರು ಅಷ್ಟೇ.

ವಾಪಸ್ ಬಂದ ಪಾರ್ಸೆಲ್‌ಗಳನ್ನು ಬಿಚ್ಚಿ ಟೇಪ್ ಹಿಡಿದೆ. ಉದ್ದ 78 ಇಂಚು, ಅಗಲ 60 ಇಂಚು, ಎರಡೂ ಸರಿ. ಮೂಲೆಯ ಹೊಲಿಗೆ ಅಳೆದಾಗ ಗೊತ್ತಾಯಿತು: ಆಳ 10 ಇಂಚು ಇರಬೇಕಾದದ್ದು 8 ಇಂಚು ಇತ್ತು. ಹಾಸಿಗೆಯೇ 8 ಇಂಚು ದಪ್ಪ ಇದ್ದರೆ ಅಡಿಗೆ ಮಡಚಿಕೊಳ್ಳಲು ಬಟ್ಟೆ ಎಲ್ಲಿ ಉಳಿಯಿತು? ಹಳೆಯ ಬ್ಯಾಚ್‌ನ ಒಂದು ಶೀಟ್ ತೆಗೆದು ಅಳೆದೆ, ಅದು 10 ಇಂಚೇ ಇತ್ತು. ಹೊಲಿಗೆ ಘಟಕದವರು ಹೊಸ ಬ್ಯಾಚ್‌ನಲ್ಲಿ ಬಟ್ಟೆ ಉಳಿಸಲು ಕಟಿಂಗ್ ಬದಲಾಯಿಸಿದ್ದರು. ಎರಡೂ ಬದಿ ಸೇರಿ ಒಂದು ಶೀಟ್‌ಗೆ 4 ಇಂಚು ಬಟ್ಟೆ ಉಳಿಯುತ್ತದೆ, ಅವರಿಗೆ ಅದು ದೊಡ್ಡ ಉಳಿತಾಯ.

ಈಗ ಉತ್ತರ ಬರೆಯಲು ಕೂತೆ. ಕಾರಣ, ಈಗಾಗಲೇ ಮಾಡಿದ್ದು, ಮುಂದೆ ಮರುಕಳಿಸದ ಹಾಗೆ ಮಾಡುವುದು, ಈ ಮೂರೇ ಭಾಗ. ಕಾರಣ ಹೀಗೆ ಬರೆದೆ: ‘ಈ ಎಸ್‌ಕೆಯುನ 38 ರಿಟರ್ನ್‌ಗಳು ಒಂದೇ ಬ್ಯಾಚ್‌ನವು. ಮೂಲೆಯ ಆಳ 10 ಇಂಚಿನ ಬದಲು 8 ಇಂಚು ಇದೆ. ಆದ್ದರಿಂದ ದಪ್ಪ ಹಾಸಿಗೆಗೆ ಕೂರುತ್ತಿಲ್ಲ.’ ಮಾಡಿದ್ದರಲ್ಲಿ ಸ್ಟಾಕ್ ನಿಲ್ಲಿಸಿದ ದಿನಾಂಕ, ಎಷ್ಟು ಪೀಸ್ ಬೇರೆ ಇಟ್ಟಿದ್ದೇವೆ ಎಂಬ ಲೆಕ್ಕ. ಮುಂದಿನದರಲ್ಲಿ, ಪ್ರತಿ ಬ್ಯಾಚ್‌ನಿಂದ ಹತ್ತು ಪೀಸ್ ತೆಗೆದು ಮೂಲೆ ಅಳೆದ ಮೇಲೆಯೇ ಮಾಲು ಒಳಗೆ ತೆಗೆದುಕೊಳ್ಳುವುದು, ಯಾರು ಅಳೆಯುತ್ತಾರೆ, ಎಲ್ಲಿ ಬರೆದಿಡುತ್ತಾರೆ ಎಂಬುದು. ಟೇಪ್ ಇಟ್ಟು ತೆಗೆದ ಎರಡು ಬ್ಯಾಚ್‌ಗಳ ಫೋಟೋ ಮತ್ತು ಹೊಲಿಗೆ ಘಟಕದ ಬಿಲ್ ಲಗತ್ತಿಸಿದೆ. ಗ್ರಾಹಕರನ್ನು ದೂರಲಿಲ್ಲ, ಎಷ್ಟು ವರ್ಷದಿಂದ ಮಾರುತ್ತಿದ್ದೇನೆ ಅಂತಲೂ ಹೇಳಲಿಲ್ಲ. ಓದುವವರಿಗೆ ಅದರಿಂದ ಉಪಯೋಗ ಇಲ್ಲ ಅಲ್ವಾ. ಒಂದು ಪುಟದಲ್ಲಿ ಮುಗಿಯಿತು. ಉತ್ತರ ಒಪ್ಪಿಕೊಂಡರು.

ಒಪ್ಪಿಕೊಂಡ ಮೇಲೂ ರಿಟರ್ನ್ ರೇಟ್ ಏರಿತು! ಇದು ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ನಿಲ್ಲಿಸುವ ಮೊದಲು ಹೋದ ಶೀಟ್‌ಗಳು ಇನ್ನೂ ವಾಪಸ್ ಬರುತ್ತಿರುತ್ತವೆ. ಇತ್ತ ಚೆನ್ನಾಗಿ ಓಡುತ್ತಿದ್ದ ಮಾಲು ನಿಂತಿದ್ದರಿಂದ ಹೊಸ ಆರ್ಡರ್ ಕಡಿಮೆ. ರಿಟರ್ನ್‌ಗಳ ಸಂಖ್ಯೆ ಏರುತ್ತದೆ, ಅದನ್ನು ಭಾಗಿಸುವ ಆರ್ಡರ್‌ಗಳ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಪ್ಯಾನೆಲ್ ತೋರಿಸುವ ಶೇಕಡಾ ಬಿಟ್ಟು, ಸ್ಟಾಕ್ ನಿಲ್ಲಿಸಿದ ದಿನದ ನಂತರ ಬಂದ ಆರ್ಡರ್‌ಗಳದ್ದೇ ಬೇರೆ ಪಟ್ಟಿ ಮಾಡಿ ನೋಡುತ್ತಿದ್ದೆ. ಅದು ಶೇ. 7ರ ಹತ್ತಿರವೇ ನಿಂತಾಗ ದಾರಿ ಸರಿ ಇದೆ ಅಂತ ಗೊತ್ತಾಯಿತು.

ರೇಟಿಂಗ್‌ನ ಕಥೆ ಬೇರೆ. ರಿಟರ್ನ್ ಲೆಕ್ಕದಲ್ಲಿ ಹಳೆಯ ದಿನಗಳು ಉದುರಿಹೋಗುತ್ತವೆ. ಆ ಶೀಟ್‌ನ ರೇಟಿಂಗ್ ಮಾತ್ರ ಬಂದದ್ದೆಲ್ಲದರ ಸರಾಸರಿ. 120 ರೇಟಿಂಗ್‌ಗೆ 3.6 ಇತ್ತು. ಹೊಸದಾಗಿ ಬರುವವು ಸರಾಸರಿ 4.5 ಇದ್ದರೂ ಅದು 4.0 ಮುಟ್ಟಲು ಇನ್ನೂ 96 ರೇಟಿಂಗ್ ಬೇಕು. ದುಡ್ಡು ಅಥವಾ ಉಡುಗೊರೆ ಕೊಟ್ಟು ರಿವ್ಯೂ ಬದಲಾಯಿಸಿ ಅಂತ ಕೇಳುವುದು ನಿಯಮದ ಉಲ್ಲಂಘನೆ, ಎರಡನೇ ವಾರ್ನಿಂಗ್‌ಗೆ ಅಷ್ಟು ಸಾಕು. ಆದರೆ ಸೆಲ್ಲರ್ ಫೀಡ್‌ಬ್ಯಾಕ್‌ನಲ್ಲಿ, ಅಂದರೆ ಮಾಲಿನ ಬಗ್ಗೆ ಅಲ್ಲ, ಮಾರುವವರ ಬಗ್ಗೆ ಬರೆಯುವ ಜಾಗದಲ್ಲಿ, ಬರೀ ಮಾಲಿನ ಬಗ್ಗೆ ಬರೆದದ್ದು, ಮಾರ್ಕೆಟ್‌ಪ್ಲೇಸ್‌ನವರೇ ಡೆಲಿವರಿ ಮಾಡಿದಾಗ ಆದ ತಡಕ್ಕೆ ನಮ್ಮನ್ನು ಬೈದದ್ದು, ಇಂಥವನ್ನು ತೆಗೆಯಿರಿ ಅಂತ ಹಲವು ಕಡೆ ಅರ್ಜಿ ಹಾಕಬಹುದು. ನಾನು ಹಾಕಿದ್ದರಲ್ಲಿ ಕೆಲವು ಹೋದವು, ಕೆಲವು ಹಾಗೇ ಉಳಿದವು.

ಹೊಸ ಬ್ಯಾಚ್ ಬಂದಾಗ ಅದೇ ಲಿಸ್ಟಿಂಗ್‌ನಲ್ಲಿ ಸ್ಟಾಕ್ ಸ್ವಲ್ಪ ಸ್ವಲ್ಪವೇ ತೆರೆದೆ. ಕ್ಯಾಟಲಾಗ್ ಫಾರ್ಮ್‌ನಲ್ಲಿ ಆಳಕ್ಕೆ ಪ್ರತ್ಯೇಕ ಜಾಗ ಇಲ್ಲ. ಹಾಗಾಗಿ ‘8 ಇಂಚು ದಪ್ಪದವರೆಗಿನ ಹಾಸಿಗೆಗೆ’ ಅಂತ ಟೈಟಲ್‌ನಲ್ಲೇ ಹಾಕಿದೆ, ಎರಡನೇ ಫೋಟೋದಲ್ಲಿ ಟೇಪ್ ಸಮೇತ ಮೂಲೆ ತೋರಿಸಿದೆ. ಬೇರೆ ಇಟ್ಟಿದ್ದ 8 ಇಂಚು ಆಳದ ಶೀಟ್‌ಗಳೂ ಹಾಳಾಗಲಿಲ್ಲ. ಅಳತೆ ಬೇರೆ ಆದ್ದರಿಂದ ಅವುಗಳಿಗೆ ಬೇರೆ ಲಿಸ್ಟಿಂಗ್ ಮಾಡಿ ‘6 ಇಂಚಿನವರೆಗೆ ಮಾತ್ರ’ ಅಂತ ಬರೆದೆ. ನಿಧಾನಕ್ಕೆ ಹೋಗುತ್ತಿವೆ, ವಾಪಸ್ ಬರುವುದು ಅಪರೂಪ.